ಖಾಲಿ ಕೋಣೆಯಲ್ಲಿ ರೆಕಾರ್ಡ್ ಮಾಡಿದ ಮಾತಿನ ಎಕೋ ಕಡಿಮೆ ಮಾಡುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಮಾತು ರೆಕಾರ್ಡ್ ಮಾಡುವವರು ನನ್ನನ್ನು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳು ಇವು. ಸುಲಭವಾದವು ಮೊದಲು, ಕಂಪ್ಯೂಟರ್ ಮುಂದೆ ಕೂತು ತಲೆ ಕೆಡಿಸಿಕೊಳ್ಳಬೇಕಾದವು ಕೊನೆಗೆ. ರೆಕಾರ್ಡಿಂಗ್ ಇನ್ನೂ ಆಗಿಲ್ಲ ಅಂದರೆ ಮೊದಲೆರಡು ಭಾಗಗಳನ್ನು ಓದಿದರೆ ಸಾಕು.

## ಮೊದಲ ಪ್ರಶ್ನೆಗಳು

ಕೋಣೆಯಲ್ಲಿ ಮಾತಾಡುವಾಗ ಎಕೋ ಗೊತ್ತೇ ಆಗಲ್ಲ. ರೆಕಾರ್ಡಿಂಗ್ ಕೇಳಿದರೆ ಬಾವಿಯೊಳಗಿಂದ ಮಾತಾಡಿದ ಹಾಗಿದೆ. ಮೈಕ್ ಕೆಟ್ಟಿದೆಯಾ?

ಮೈಕ್ ಸರಿಯಾಗೇ ಇದೆ. ಅದು ಕೋಣೆಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಹಿಡಿದಿದೆ. ನೀವು ಕೋಣೆಯಲ್ಲಿ ಕೂತು ಕೇಳುವಾಗ ಎರಡು ಕಿವಿಗಳು ಕೆಲಸ ಮಾಡುತ್ತವೆ. ಎರಡಕ್ಕೂ ತಲುಪುವ ಶಬ್ದದಲ್ಲಿ ಸಣ್ಣ ವ್ಯತ್ಯಾಸ ಇರುತ್ತದೆ. ಅದನ್ನು ಹಿಡಿದು ಮಿದುಳು ಮಾತು ಯಾವ ಕಡೆಯಿಂದ ಬರುತ್ತಿದೆ ಅಂತ ಗುರುತಿಸುತ್ತದೆ, ಗೋಡೆಗಳಿಂದ ಬಂದದ್ದನ್ನು ಹಿಂದಕ್ಕೆ ತಳ್ಳುತ್ತದೆ. ಒಂದು ಮೈಕ್ ಅಂದರೆ ಒಂದು ಕಿವಿ. ಅದಕ್ಕೆ ದಿಕ್ಕಿನ ಸುಳಿವು ಇಲ್ಲ. ನೇರ ದನಿ ಮತ್ತು ಗೋಡೆಯ ದನಿ ಎರಡೂ ಬೆರೆತು ಒಂದೇ ಕಡತದಲ್ಲಿ ಕೂರುತ್ತವೆ. ಆಮೇಲೆ ಹೆಡ್‌ಫೋನ್‌ನಲ್ಲಿ ಕೇಳುವಾಗ ಬೇರ್ಪಡಿಸಲು ಮಿದುಳಿಗೆ ಏನೂ ಸಿಗುವುದಿಲ್ಲ.

ಬೇಕಿದ್ದರೆ ಪರೀಕ್ಷೆ ಮಾಡಿ. ಖಾಲಿ ಕೋಣೆಯಲ್ಲಿ ಯಾರಾದರೂ ಮಾತಾಡುತ್ತಿರುವಾಗ ಒಂದು ಕಿವಿಯನ್ನು ಬಿಗಿಯಾಗಿ ಮುಚ್ಚಿಕೊಳ್ಳಿ. ಮೊದಲು ಕೇಳದ ಗುಂಯ್ ಆಗ ಮೇಲೆದ್ದು ಬರುತ್ತದೆ. ಮೈಕ್ ಎಲ್ಲಿಡಬೇಕು ಅಂತ ಹುಡುಕುವಾಗಲೂ ಈ ಉಪಾಯ ಚೆನ್ನಾಗಿ ಕೆಲಸ ಮಾಡುತ್ತದೆ.

ನನ್ನದು ನಿಜವಾಗಿ ಎಕೋನಾ, ರಿವರ್ಬಾ? ಎರಡಕ್ಕೂ ಒಂದೇ ಔಷಧಿನಾ?

ಪದ ಎರಡನೇ ಸಲ ಬಿಡಿಯಾಗಿ ಕೇಳಿದರೆ ಅದು ಎಕೋ. ಪದದ ಹಿಂದೆ ಒಂದು ಬಾಲ ಎಳೆದುಕೊಂಡು ಹೋದರೆ ಅದು ರಿವರ್ಬ್, ಅಂದರೆ ಮೊಳಗು. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಮಾತಿನ ವಿಷಯದಲ್ಲಿ ಸುಮಾರು 50 ಮಿಲಿಸೆಕೆಂಡ್‌ಗಿಂತ ತಡವಾಗಿ ಬಂದ ಗಟ್ಟಿಯಾದ ಪ್ರತಿಫಲನ ಮಾತ್ರ ಕಿವಿಗೆ ಬೇರೆಯಾಗಿ ಕೇಳುತ್ತದೆ. ಅಷ್ಟು ತಡವಾಗಬೇಕಾದರೆ ಶಬ್ದ ಹೋಗಿ ಬರುವಾಗ 17 ಮೀಟರ್ ಹೆಚ್ಚು ನಡೆಯಬೇಕು. ಆದ್ದರಿಂದ ಮನೆಯ ಕೋಣೆಯಲ್ಲಿ ಬಿಡಿ ಎಕೋ ಬರುವುದೇ ಅಪರೂಪ. ಜನ ಎಕೋ ಅಂತ ಕರೆಯುವುದು ಬಹುತೇಕ ಮೊಳಗನ್ನೇ. ನಾನೂ ಇಲ್ಲಿ ಎರಡನ್ನೂ ಕಲಸಿಯೇ ಹೇಳುತ್ತೇನೆ.

ಒಂದನ್ನು ಮಾತ್ರ ಬೇರೆಯಾಗಿ ಗುರುತಿಸಿ. ಚಪ್ಪಾಳೆ ಹೊಡೆದರೆ ‘ಟರ್‌ರ್‌ರ್’ ಅಂತ ತಂತಿ ಮಿಡಿದ ಹಾಗೆ ಕೇಳುತ್ತದೆಯೇ? ಅದು ಎದುರುಬದುರಾದ ಎರಡು ಬರಿಗೋಡೆಗಳ ನಡುವೆ ಶಬ್ದ ಚೆಂಡಾಡುತ್ತಿರುವುದು. ಇದಕ್ಕೆ ಔಷಧಿ ಸುಲಭ: ಆ ಎರಡರಲ್ಲಿ ಒಂದು ಗೋಡೆಗೆ ಮಾತ್ರ ದಪ್ಪ ಬಟ್ಟೆ ಕಟ್ಟಿದರೂ ಆಟ ನಿಲ್ಲುತ್ತದೆ.

ಒಂದೇ ಒಂದು ಕೆಲಸ ಮಾಡಬಹುದು ಅಂದರೆ ಯಾವುದು ಮಾಡಲಿ?

ಮೈಕನ್ನು ಬಾಯಿಯ ಹತ್ತಿರ ತನ್ನಿ.

ನೇರ ದನಿ ದೂರ ಹೋದಂತೆ ಕುಗ್ಗುತ್ತದೆ. ದೂರ ಅರ್ಧವಾದರೆ 6 ಡೆಸಿಬಲ್ ಏರುತ್ತದೆ. ಮೊಳಗು ಹಾಗಲ್ಲ. ಅದು ಕೋಣೆಯ ತುಂಬ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಇರುತ್ತದೆ, ಮೈಕ್ ಎಲ್ಲಿಟ್ಟರೂ ಅಷ್ಟೇ. ಮೈಕ್ 60 ಸೆಂಟಿಮೀಟರ್ ದೂರದಲ್ಲಿದೆ ಅಂದುಕೊಳ್ಳಿ. ಅದನ್ನು 15ಕ್ಕೆ ತಂದರೆ ನೇರ ದನಿ 12 ಡೆಸಿಬಲ್ ಮುಂದಾಗುತ್ತದೆ, ಮೊಳಗು ಇದ್ದಲ್ಲೇ ಇರುತ್ತದೆ. ಇದೇ 12 ಡೆಸಿಬಲ್ ಲಾಭವನ್ನು ಗೋಡೆಗೆ ಬಟ್ಟೆ ಕಟ್ಟಿಯೇ ಪಡೆಯಬೇಕು ಅಂದರೆ, ಕೋಣೆ ಈಗ ಹೀರುವುದಕ್ಕಿಂತ ಹದಿನಾರು ಪಟ್ಟು ಶಬ್ದ ಹೀರುವಂತೆ ಮಾಡಬೇಕು. ಬರಿಗೋಡೆಯ ಕೋಣೆಯಲ್ಲಿ ಅದು ಆಗುವ ಮಾತಲ್ಲ.

ಹತ್ತಿರ ಬಂದರೆ ಎರಡು ತೊಂದರೆ ಬರುತ್ತವೆ. ‘ಪ’, ‘ಬ’, ‘ಫ’ ಹೇಳುವಾಗ ಗಾಳಿ ಬಡಿದು ‘ಧಪ್’ ಅನ್ನುತ್ತದೆ. ಮೈಕನ್ನು ಬಾಯಿಯ ನೇರಕ್ಕೆ ಇಡದೆ, ತುಸು ಪಕ್ಕಕ್ಕೆ ಇಟ್ಟು ಬಾಯಿಯತ್ತ ತಿರುಗಿಸಿ. ಗಾಳಿ ಪಕ್ಕದಲ್ಲಿ ಹಾದು ಹೋಗುತ್ತದೆ, ದನಿ ಮಾತ್ರ ಮೈಕಿಗೆ ಸಿಗುತ್ತದೆ. ಎರಡನೆಯದು, ಒಂದು ದಿಕ್ಕಿನಿಂದ ಹೆಚ್ಚು ಕೇಳುವ ಮೈಕ್‌ಗಳಲ್ಲಿ ಹತ್ತಿರ ಬಂದಷ್ಟೂ ದನಿ ದಪ್ಪವಾಗುತ್ತದೆ. ಎಡಿಟ್ ಮಾಡುವಾಗ ತಗ್ಗು ಸ್ವರಗಳನ್ನು ಕತ್ತರಿಸುವ High-Pass Filter ಅನ್ನು 80ರಿಂದ 100 ಹರ್ಟ್ಸ್‌ಗೆ ಇಟ್ಟರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಜೋರಾಗಿ ಮಾತಾಡಿದರೆ ಅಥವಾ ಗೇನ್ ಏರಿಸಿದರೆ ನೇರ ದನಿ ಮೇಲೆ ಬರಲ್ವಾ?

ಬರುವುದಿಲ್ಲ. ನೀವು ಜೋರು ಮಾಡಿದಷ್ಟೇ ಗೋಡೆಯೂ ಜೋರು ಮಾಡುತ್ತದೆ. ಗೇನ್ ಕೂಡ ಎರಡನ್ನೂ ಒಟ್ಟಿಗೆ ಏರಿಸುತ್ತದೆ. ನಮಗೆ ಬೇಕಾದದ್ದು ಅವೆರಡರ ನಡುವಿನ ಅಂತರ, ಅದು ಇದರಿಂದ ಕದಲುವುದಿಲ್ಲ. ಸಹಾಯ ಮಾಡುವುದು ವೇಗ. ಸ್ವಲ್ಪ ನಿಧಾನವಾಗಿ, ಪದಗಳ ನಡುವೆ ಜಾಗ ಬಿಟ್ಟು ಮಾತಾಡಿದರೆ ಹಿಂದಿನ ಪದದ ಬಾಲ ಮುಂದಿನ ಪದದ ಮೇಲೆ ಅಷ್ಟಾಗಿ ಬೀಳುವುದಿಲ್ಲ. ಎಡಿಟ್ ಮಾಡುವವರಿಗೂ ಅದರಿಂದ ಸುಲಭ.

ಒಳ್ಳೆ ಮೈಕ್ ತಗೊಂಡರೆ ಎಕೋ ಹೋಗುತ್ತಾ?

ಬೆಲೆ ನೋಡಿ ತೆಗೆದುಕೊಂಡರೆ ಹೋಗುವುದಿಲ್ಲ. ಮೈಕ್ ಯಾವ ದಿಕ್ಕಿನಿಂದ ಕೇಳುತ್ತದೆ ಅನ್ನುವುದನ್ನು ನೋಡಿ. ಸುತ್ತಲೂ ಒಂದೇ ಸಮ ಕೇಳುವ ಮೈಕಿಗೆ ಓಮ್ನಿ ಅನ್ನುತ್ತಾರೆ. ಮುಂದಿನಿಂದ ಹೆಚ್ಚು, ಹಿಂದಿನಿಂದ ಬಹಳ ಕಡಿಮೆ ಕೇಳುವುದು ಕಾರ್ಡಿಯಾಯ್ಡ್. ಎಲ್ಲ ಕಡೆಯಿಂದ ಬರುವ ಮೊಳಗಿನಲ್ಲಿ ಕಾರ್ಡಿಯಾಯ್ಡ್ ಹಿಡಿಯುವುದು ಮೂರನೇ ಒಂದು ಭಾಗ, ಅಂದರೆ ಸುಮಾರು 5 ಡೆಸಿಬಲ್ ಕಡಿಮೆ. ಬೇರೆ ರೀತಿ ಹೇಳುವುದಾದರೆ, ಓಮ್ನಿ 15 ಸೆಂಟಿಮೀಟರ್‌ನಲ್ಲಿ ಕೊಡುವ ಸ್ವಚ್ಛತೆಯನ್ನು ಕಾರ್ಡಿಯಾಯ್ಡ್ 25ರಲ್ಲಿ ಕೊಡುತ್ತದೆ.

ಈ ಲೆಕ್ಕ ಇನ್ನೊಂದು ಮಾತನ್ನೂ ಹೇಳುತ್ತದೆ. ಎದೆಗೆ ಸಿಕ್ಕಿಸುವ ಸಾಧಾರಣ ಓಮ್ನಿ ಕಾಲರ್ ಮೈಕ್ ಬಾಯಿಗೆ 20 ಸೆಂಟಿಮೀಟರ್ ದೂರದಲ್ಲಿದ್ದರೆ, ಒಂದು ಮೀಟರ್ ದೂರದ ಸ್ಟ್ಯಾಂಡ್ ಮೇಲೆ ಕೂತ ದುಬಾರಿ ಕಾರ್ಡಿಯಾಯ್ಡ್ ಅನ್ನು ಸುಲಭವಾಗಿ ಮೀರಿಸುತ್ತದೆ. ಬೇರೆ ಏನೂ ಇಲ್ಲದಿದ್ದರೆ ಫೋನಿನ ಇಯರ್‌ಫೋನ್‌ನಲ್ಲಿರುವ ಮೈಕ್ ಆದರೂ ಬಳಸಿ. ಮೇಜಿನ ಆಚೆ ಬದಿಯಲ್ಲಿಟ್ಟ ಫೋನಿಗಿಂತ ಅದು ಎಷ್ಟೋ ವಾಸಿ.

## ಕೋಣೆಯನ್ನು ಸರಿ ಮಾಡುವುದು

ಕಂಬಳಿ ಕಟ್ಟಿ ಅಂತ ಎಲ್ಲರೂ ಹೇಳ್ತಾರೆ. ಎಷ್ಟು ಕಟ್ಟಬೇಕು, ಎಲ್ಲಿ ಕಟ್ಟಬೇಕು ಅಂತ ಯಾರೂ ಹೇಳಲ್ಲ.

ಒಂದು ಕೋಣೆ ತೆಗೆದುಕೊಂಡು ಲೆಕ್ಕ ಹಾಕೋಣ. ಉದ್ದ 4 ಮೀಟರ್, ಅಗಲ 3.5, ಎತ್ತರ 3. ಗಾರೆ ಗೋಡೆ, ಕಲ್ಲು ಅಥವಾ ಟೈಲ್ಸ್ ನೆಲ, ಒಳಗೆ ಏನೂ ಇಲ್ಲ. ಗಾತ್ರ 42 ಘನ ಮೀಟರ್. ನೆಲ, ಚಾವಣಿ, ನಾಲ್ಕು ಗೋಡೆ ಸೇರಿ ಮೇಲ್ಮೈ 73 ಚದರ ಮೀಟರ್. ಇಂಥ ಗಟ್ಟಿ ಮೇಲ್ಮೈ ತನ್ನ ಮೇಲೆ ಬಿದ್ದ ಶಬ್ದದಲ್ಲಿ ನೂರಕ್ಕೆ ನಾಲ್ಕರಷ್ಟು ಹೀರುತ್ತದೆ ಅಂದುಕೊಳ್ಳಿ. ಹಾಗಾದರೆ ಇಡೀ ಕೋಣೆ ಹೀರುವುದು ಕೇವಲ 3 ಚದರ ಮೀಟರ್ ಅಳತೆಯ ತೆರೆದ ಕಿಟಕಿಯಷ್ಟು. ತೆರೆದ ಕಿಟಕಿಯಿಂದ ಹೊರಗೆ ಹೋದ ಶಬ್ದ ವಾಪಸ್ ಬರುವುದಿಲ್ಲ, ಆದ್ದರಿಂದ ಅದೇ ಅಳತೆಗೋಲು. ಇನ್ನು ಈ ಸೂತ್ರ:

```
T = 0.161 × V / A
```

V ಕೋಣೆಯ ಗಾತ್ರ, A ಒಟ್ಟು ಹೀರಿಕೆ, T ಅಂದರೆ ಶಬ್ದ 60 ಡೆಸಿಬಲ್ ಇಳಿಯಲು ಬೇಕಾದ ಸೆಕೆಂಡುಗಳು. ನಮ್ಮ ಖಾಲಿ ಕೋಣೆಯಲ್ಲಿ ಇದು ಸುಮಾರು 2.25 ಸೆಕೆಂಡ್. ಮಾತಿನ ರೆಕಾರ್ಡಿಂಗ್‌ಗೆ ಅರ್ಧ ಸೆಕೆಂಡಿಗಿಂತ ಕೆಳಗಿದ್ದರೆ ಚೆಂದ.

ಈಗ ದಪ್ಪ ಕಂಬಳಿ ಅಥವಾ ರಜಾಯಿ 8 ಚದರ ಮೀಟರ್ ಆಗುವಷ್ಟು ತೂಗು ಹಾಕಿ, ಗೋಡೆಗೆ ಅಂಟಿಸದೆ ಒಂದು ಗೇಣು ಬಿಟ್ಟು. ಮಾತಿನ ಮಧ್ಯದ ಸ್ವರಗಳಲ್ಲಿ ಅದು ಅರ್ಧದಷ್ಟು ಹೀರಿದರೂ 4 ಚದರ ಮೀಟರ್ ಸೇರಿತು. ಒಟ್ಟು 7. ಮೊಳಗು 1 ಸೆಕೆಂಡಿಗೆ ಇಳಿಯಿತು. ಒಂದು ಹಾಸಿಗೆಯನ್ನು ಗೋಡೆಗೆ ನಿಲ್ಲಿಸಿ, ಮಾತಾಡುವವರ ಮೈಯನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಒಟ್ಟು 9 ಆಗುತ್ತದೆ, ಮೊಳಗು 0.75 ಸೆಕೆಂಡ್. ಗಮನಿಸಿ, ಮೊದಲ ಕೆಲವು ಕಂಬಳಿಗಳಿಂದಲೇ ದೊಡ್ಡ ಇಳಿಕೆ ಬಂತು. ಆಮೇಲೆ ಸೇರಿಸಿದ್ದಕ್ಕೆ ಲಾಭ ಕಡಿಮೆ. ಬರಿ ಕೋಣೆಗೆ ಏನೇ ತಂದರೂ ಕೇಳಿಸುವಷ್ಟು ಬದಲಾವಣೆ ಆಗುವುದು ಇದೇ ಕಾರಣಕ್ಕೆ.

ಆದರೆ ಒಟ್ಟು ಹೀರಿಕೆ 3ರಿಂದ 9 ಆಯಿತು, ಮೂರು ಪಟ್ಟು. ಡೆಸಿಬಲ್‌ನಲ್ಲಿ ಅದು ಸುಮಾರು 5. ಮೈಕನ್ನು 60ರಿಂದ 15ಕ್ಕೆ ತಂದಾಗ 12 ಸಿಕ್ಕಿತ್ತು, ನೆನಪಿದೆ ಅಲ್ವಾ? ಹಾಗಂತ ಕಂಬಳಿ ವ್ಯರ್ಥ ಅಲ್ಲ, ಬಾಲ ಬೇಗ ಸಾಯುವುದೂ ಒಂದು ಲಾಭ. ಮೈಕ್ ಹತ್ತಿರ ತಂದ ಮೇಲೆ ಕಂಬಳಿ ಕಟ್ಟಿ, ಅದರ ಬದಲಿಗೆ ಅಲ್ಲ.

ಎಲ್ಲಿ ಕಟ್ಟಬೇಕು ಅನ್ನುವುದಕ್ಕೆ ಮೈಕಿನ ಕಣ್ಣಿನಿಂದ ನೋಡಿ. ಕಾರ್ಡಿಯಾಯ್ಡ್ ಮೈಕ್ ನಿಮ್ಮತ್ತ ಮುಖ ಮಾಡಿದೆ, ನಿಮ್ಮ ಬೆನ್ನ ಹಿಂದಿನ ಗೋಡೆಯನ್ನೂ ಅಷ್ಟೇ ಚೆನ್ನಾಗಿ ಕೇಳುತ್ತಿದೆ. ಮೊದಲ ಕಂಬಳಿ ಬೆನ್ನ ಹಿಂದೆ. ಎರಡನೆಯದು ನಿಮ್ಮ ಮುಖದ ಎದುರಿಗೆ, ಮೈಕಿನ ಆಚೆ, ಯಾಕೆಂದರೆ ಬಾಯಿಯಿಂದ ಹೊರಟ ದನಿ ಮೊದಲು ಗಟ್ಟಿಯಾಗಿ ಬಡಿಯುವುದು ಅಲ್ಲಿಗೆ. ಆಮೇಲೆ ಪಕ್ಕದ ಎರಡು ಗೋಡೆಗಳಲ್ಲಿ ಒಂದು. ಕಾಲ ಕೆಳಗೆ ಕಾರ್ಪೆಟ್ ಹಾಸಿದರೆ ನೆಲ ಮತ್ತು ಚಾವಣಿ ನಡುವಿನ ಆಟವೂ ತಗ್ಗುತ್ತದೆ. ಜನ ಎಲ್ಲವನ್ನೂ ಮೈಕಿನ ಹಿಂದೆಯೇ ಕಟ್ಟಿ ಬೆನ್ನ ಹಿಂದೆ ಬರಿಗೋಡೆ ಬಿಡುವುದನ್ನು ನಾನು ಬಹಳ ನೋಡಿದ್ದೇನೆ.

ಈ ಸೂತ್ರ ಕೊಟ್ಟವರು ವ್ಯಾಲೇಸ್ ಸಬೀನ್. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಒಂದು ಉಪನ್ಯಾಸ ಕೊಠಡಿಯಲ್ಲಿ ಮಾತೇ ಅರ್ಥವಾಗದಷ್ಟು ಮೊಳಗು ಇತ್ತು, ಸುಮಾರು ಐದೂವರೆ ಸೆಕೆಂಡ್. ಸರಿ ಮಾಡಿ ಅಂತ ಅವರಿಗೆ ಹೇಳಿದರು. ಅವರು ಪಕ್ಕದ ರಂಗಮಂದಿರದ ಸೀಟಿನ ಮೆತ್ತೆಗಳನ್ನು ತಂದು ಒಂದೊಂದೇ ಸೇರಿಸುತ್ತಾ ಅಳೆದರು. ಅಂದರೆ ಮೆತ್ತೆ ಹೊತ್ತು ತರುವುದು ಈ ವಿಜ್ಞಾನದ ಮೊದಲ ಪ್ರಯೋಗವೇ. ಯಾರಾದರೂ ನಕ್ಕರೆ ಹೇಳಿ.

ಮೊಟ್ಟೆ ಟ್ರೇ ಅಂಟಿಸಿದರೆ ಸಾಕು ಅಂತಾರೆ. ತೆಳು ಫೋಮ್ ಹಾಳೆ ಆಗುತ್ತಾ?

ಮೊಟ್ಟೆ ಟ್ರೇ ಬೇಡ. ಅದು ತೆಳುವಾದ ಕಾಗದ, ಶಬ್ದ ಹೀರುವಷ್ಟು ದಪ್ಪವೇ ಇಲ್ಲ. ಬೆಂಕಿಯ ಅಪಾಯ ಬೇರೆ.

ತೆಳು ಫೋಮ್‌ನ ತೊಂದರೆ ಇನ್ನೂ ಸೂಕ್ಷ್ಮ. ಅದು ಕೆಲಸ ಮಾಡುತ್ತದೆ, ಆದರೆ ಚೂಪಾದ ಸ್ವರಗಳ ಮೇಲೆ ಮಾತ್ರ. ಹೀರುವ ವಸ್ತು ಚೆನ್ನಾಗಿ ಕೆಲಸ ಮಾಡುವುದು ಗಾಳಿಯ ಕಣಗಳು ಜಾಸ್ತಿ ಓಡಾಡುವ ಜಾಗದಲ್ಲಿ. ಅದು ಗೋಡೆಯ ಮೇಲೆ ಅಲ್ಲ, ಗೋಡೆಯಿಂದ ಅಲೆಯುದ್ದದ ಕಾಲು ಭಾಗದಷ್ಟು ದೂರದಲ್ಲಿ. 500 ಹರ್ಟ್ಸ್‌ಗೆ ಅಲೆಯುದ್ದ 69 ಸೆಂಟಿಮೀಟರ್, ಕಾಲು ಭಾಗ ಅಂದರೆ 17. ಗೋಡೆಗೆ ಅಂಟಿದ ಎರಡು ಸೆಂಟಿಮೀಟರ್ ಫೋಮ್ ಅಲ್ಲಿಗೆ ತಲುಪುವುದೇ ಇಲ್ಲ. ಕೊನೆಗೆ ಸ, ಶಗಳ ಹೊಳಪು ಸತ್ತು, ಕೆಳಗಿನ ಗುಂಯ್ ಹಾಗೇ ಉಳಿಯುತ್ತದೆ. ಕಂಬಳಿಯನ್ನು ಗೋಡೆಯಿಂದ ಗೇಣು ದೂರ ತೂಗು ಹಾಕಿ ಅಂದದ್ದು ಇದಕ್ಕೇ. ಆ ಜಾಗ ಬಿಡಲು ಖರ್ಚೇನೂ ಇಲ್ಲ.

ಇನ್ನೊಂದು: ಇವು ಯಾವುವೂ ಹೊರಗಿನ ವಾಹನದ ಸದ್ದನ್ನು ತಡೆಯುವುದಿಲ್ಲ. ಒಳಗಿನ ಮೊಳಗು ಹೀರುವುದೇ ಬೇರೆ, ಹೊರಗಿನ ಶಬ್ದ ತಡೆಯುವುದೇ ಬೇರೆ. ಎರಡನೆಯದಕ್ಕೆ ಭಾರವಾದ, ಸಂದಿಲ್ಲದ ಗೋಡೆ ಬೇಕು.

ಎಲ್ಲಾ ಕಟ್ಟಿದ ಮೇಲೂ ದನಿ ಡಬ್ಬದೊಳಗಿಂದ ಬಂದ ಹಾಗಿದೆ. ಬಾಲ ಇಲ್ಲ, ಆದರೂ ಏನೋ ಸರಿಯಿಲ್ಲ.

ಮೊದಲು ಮೇಜನ್ನು ಅನುಮಾನಿಸಿ. ಬಾಯಿ ಮತ್ತು ಮೈಕ್ ಎರಡೂ ಮೇಜಿನಿಂದ 30 ಸೆಂಟಿಮೀಟರ್ ಮೇಲಿವೆ, ನಡುವಿನ ಅಂತರ 50 ಅಂದುಕೊಳ್ಳಿ. ಮೇಜಿಗೆ ಬಡಿದು ಬರುವ ದನಿ 78 ಸೆಂಟಿಮೀಟರ್ ನಡೆಯುತ್ತದೆ, ಅಂದರೆ 28 ಹೆಚ್ಚು. ಅದು 0.8 ಮಿಲಿಸೆಕೆಂಡ್ ತಡ. ಅಷ್ಟು ತಡವಾದ ನಕಲು ಮೂಲದ ಜೊತೆ ಸೇರಿದರೆ 600 ಹರ್ಟ್ಸ್ ಸುತ್ತ ಎರಡೂ ಒಂದನ್ನೊಂದು ಅಳಿಸುತ್ತವೆ, ಮೇಲೆಯೂ ಸಮ ಅಂತರದಲ್ಲಿ ಹೀಗೇ ಹಳ್ಳಗಳು ಬೀಳುತ್ತವೆ. ಕಿವಿಗೆ ಇದು ಎಕೋ ಅನ್ನಿಸುವುದಿಲ್ಲ, ಟೊಳ್ಳು ಅನ್ನಿಸುತ್ತದೆ. ಗೋಡೆಗೆ ಎಷ್ಟು ಕಂಬಳಿ ಕಟ್ಟಿದರೂ ಇದು ಹೋಗುವುದಿಲ್ಲ. ಮೇಜಿನ ಮೇಲೆ ದಪ್ಪ ಟವೆಲ್ ಮಡಿಸಿ ಹಾಕಿ, ಮೈಕ್ ಹತ್ತಿರ ತನ್ನಿ, ಅಥವಾ ಮೇಜನ್ನೇ ಪಕ್ಕಕ್ಕೆ ಸರಿಸಿ.

ಮೇಜು ಇಲ್ಲದಿದ್ದರೂ ದನಿ ಹಾಗೇ ಇದ್ದರೆ ನಿಂತ ಜಾಗ ಬದಲಿಸಿ. ಸಣ್ಣ ಕೋಣೆಯಲ್ಲಿ ಕೆಲವು ತಗ್ಗು ಸ್ವರಗಳು ಗೋಡೆಗಳ ನಡುವೆ ನಿಂತೇ ಬಿಡುತ್ತವೆ. ನಮ್ಮ ಲೆಕ್ಕದ ಕೋಣೆಯಲ್ಲಿ ಅವು 43, 49, 57 ಹರ್ಟ್ಸ್ ಮತ್ತು ಅವುಗಳ ದುಪ್ಪಟ್ಟು, ಮುಪ್ಪಟ್ಟು. 86, 98, 114 ಹರ್ಟ್ಸ್ ಅಂದರೆ ಗಂಡು ದನಿಯ ತಳಪಾಯ. ಮೂಲೆಯಲ್ಲಿ ಇವು ಅತಿ ಜೋರು, ಆದ್ದರಿಂದ ಮೂಲೆ ಬೇಡ. ಕೋಣೆಯ ನಟ್ಟನಡುವೆಯೂ ಒಳ್ಳೆಯದಲ್ಲ. ಉದ್ದದ ಮೂರನೇ ಒಂದು ಭಾಗದ ಹತ್ತಿರ, ಗೋಡೆಗಳಿಗೆ ಸ್ವಲ್ಪ ಓರೆಯಾಗಿ ನಿಂತು ನೋಡಿ.

ಕಡಿಮೆಯಾಯಿತಾ ಇಲ್ವಾ ಅಂತ ಅಳೆಯೋದು ಹೇಗೆ? ನನ್ನ ಕಿವಿಯ ಮೇಲೆ ನನಗೇ ನಂಬಿಕೆ ಇಲ್ಲ.

ಮೈಕ್ ಇಡುವ ಜಾಗದಲ್ಲೇ ಇಟ್ಟು, ಒಂದೆರಡು ಮೀಟರ್ ದೂರ ನಿಂತು ಒಮ್ಮೆ ಗಟ್ಟಿಯಾಗಿ ಚಪ್ಪಾಳೆ ಹೊಡೆದು ರೆಕಾರ್ಡ್ ಮಾಡಿ. ಫೋನ್ ಆದರೆ ದನಿಯ ಮಟ್ಟವನ್ನು ತಾನೇ ಏರಿಳಿಸುವ ಸೌಲಭ್ಯವನ್ನು ಮೊದಲು ಆಫ್ ಮಾಡಿ, ಇಲ್ಲದಿದ್ದರೆ ಅಳತೆ ಸುಳ್ಳಾಗುತ್ತದೆ. ದನಿ ಎಡಿಟ್ ಮಾಡುವ ಉಚಿತ ತಂತ್ರಾಂಶ Audacityಯಲ್ಲಿ ತೆರೆದು ಅಲೆಯ ಚಿತ್ರವನ್ನು ಡೆಸಿಬಲ್ ಅಳತೆಗೆ ಬದಲಿಸಿ. ಚಪ್ಪಾಳೆಯ ತುದಿಯ ನಂತರ ಇಳಿಜಾರು ಒಂದು ನೇರ ಗೆರೆಯಂತೆ ಕಾಣುತ್ತದೆ. ಅದು 20 ಡೆಸಿಬಲ್ ಇಳಿಯಲು ತೆಗೆದುಕೊಂಡ ಸಮಯ ನೋಡಿ, ಮೂರರಿಂದ ಗುಣಿಸಿ. ಅದೇ T. ಪೂರ್ತಿ 60 ಇಳಿಯುವವರೆಗೆ ಕಾಯುವುದು ಯಾಕಿಲ್ಲ ಅಂದರೆ, ಅಷ್ಟರೊಳಗೆ ಕೋಣೆಯ ಸಾಮಾನ್ಯ ಸದ್ದು ಅಡ್ಡ ಬರುತ್ತದೆ.

ಅಂಕಿಗಿಂತ ಮುಖ್ಯ ಹೋಲಿಕೆ. ಕಂಬಳಿ ಕಟ್ಟುವ ಮೊದಲು, ಕಟ್ಟಿದ ಮೇಲೆ, ಒಂದೇ ಜಾಗದಿಂದ ಅಳೆಯಿರಿ. ಚಪ್ಪಾಳೆಯಲ್ಲಿ ತಗ್ಗು ಸ್ವರ ಅಷ್ಟಾಗಿ ಇರುವುದಿಲ್ಲ, ಆದ್ದರಿಂದ ಕೆಳಗಿನ ಗುಂಯ್ ಇದರಲ್ಲಿ ಸಿಕ್ಕಿಬೀಳುವುದಿಲ್ಲ. ಅದಕ್ಕೆ ಒಂದು ವಾಕ್ಯ ಓದಿ, ಥಟ್ಟನೆ ನಿಲ್ಲಿಸಿ, ನಿಲ್ಲಿಸಿದ ಮೇಲಿನ ಬಾಲ ಕೇಳಿ.

## ದೊಡ್ಡ ಸಭಾಂಗಣ

ಸಭಾಂಗಣದಲ್ಲಿ ಭಾಷಣ, ನಾನು ಹಿಂದಿನ ಸಾಲಿನಲ್ಲಿ ಫೋನ್ ಇಟ್ಟು ರೆಕಾರ್ಡ್ ಮಾಡಿದೆ. ಒಂದು ಪದವೂ ಅರ್ಥವಾಗುತ್ತಿಲ್ಲ. ಮುಂದಿನ ಸಲ ಏನು ಮಾಡಲಿ?

10 ಮೀಟರ್ ಉದ್ದ, 8 ಅಗಲ, 4 ಎತ್ತರದ ಖಾಲಿ ಸಭಾಂಗಣಕ್ಕೆ ಅದೇ ಲೆಕ್ಕ ಹಾಕಿದರೆ ಮೊಳಗು 4.2 ಸೆಕೆಂಡ್ ಬರುತ್ತದೆ. ಅಲ್ಲಿ ಮಾತಾಡುವವರಿಂದ ಅರ್ಧ ಮೀಟರ್ ದೂರ ಹೋಗುವಷ್ಟರಲ್ಲೇ ನೇರ ದನಿ ಮತ್ತು ಮೊಳಗು ಸಮಸಮ ಆಗಿರುತ್ತವೆ. 8 ಮೀಟರ್ ಹಿಂದೆ ನೇರ ದನಿ ಮೊಳಗಿಗಿಂತ 24 ಡೆಸಿಬಲ್ ಕೆಳಗೆ, ಅಂದರೆ ಶಕ್ತಿಯಲ್ಲಿ ಇನ್ನೂರೈವತ್ತರಲ್ಲಿ ಒಂದು ಪಾಲು. ಮಾತಾಡುವವರ ಮುಖ ನಿಮ್ಮ ಕಡೆಗೇ ಇದ್ದರೆ ಕೆಲವು ಡೆಸಿಬಲ್ ವಾಸಿ, ಅಷ್ಟೇ. ಫೋನ್ ಮುಂದಿನ ಸಾಲಿಗೆ ತಂದರೂ ಗೆಲ್ಲುವುದಿಲ್ಲ. ಅರ್ಧ ಮೀಟರ್ ಒಳಗೆ ಬಂದರೆ ಮಾತ್ರ ಆಟ ಬದಲಾಗುತ್ತದೆ.

ವೇದಿಕೆಯಲ್ಲಿ ಮೈಕ್ ಇದ್ದರೆ ಕೆಲಸ ಸುಲಭ. ಆ ಮೈಕ್ ಈಗಾಗಲೇ ಬಾಯಿಯ ಹತ್ತಿರ ಇದೆ. ಮಿಕ್ಸರ್ ನೋಡಿಕೊಳ್ಳುವವರನ್ನು ಕೇಳಿ, ಅದರ ಲೈನ್ ಔಟ್‌ನಿಂದ ನಿಮ್ಮ ರೆಕಾರ್ಡರ್‌ಗೆ ವೈರ್ ಎಳೆಯಿರಿ. ರೆಕಾರ್ಡರ್‌ನ ಮೈಕ್ ಕಿಂಡಿಗೆ ಅಲ್ಲ, ಲೈನ್ ಕಿಂಡಿಗೆ. ಇಲ್ಲದಿದ್ದರೆ ದನಿ ಒಡೆದು ಬರುತ್ತದೆ. ಲೈನ್ ಸಿಗದಿದ್ದರೆ ಭಾಷಣಕಾರರ ಜೇಬಿಗೆ ಒಂದು ಫೋನ್, ಅದಕ್ಕೆ ಕಾಲರ್ ಮೈಕ್. ನಾನು ಆದರೆ ಎರಡನ್ನೂ ಮಾಡುತ್ತೇನೆ. ಮಿಕ್ಸರ್‌ನಿಂದ ಬಂದದ್ದರಲ್ಲಿ ಸಭಿಕರ ಪ್ರಶ್ನೆ ಬರುವುದಿಲ್ಲ, ಯಾರೋ ಮಧ್ಯದಲ್ಲಿ ಮ್ಯೂಟ್ ಮಾಡಿಬಿಡುವುದೂ ಉಂಟು.

ಹಿಂದಿನ ದಿನ ಖಾಲಿ ಸಭಾಂಗಣದಲ್ಲಿ ಪರೀಕ್ಷೆ ಮಾಡಿ ಹೆದರಬೇಡಿ. ಕೂತ ಒಬ್ಬೊಬ್ಬರೂ ಸುಮಾರು ಅರ್ಧ ಚದರ ಮೀಟರ್‌ನಷ್ಟು ಹೀರುತ್ತಾರೆ. ಅರವತ್ತು ಜನ ಬಂದರೆ 30 ಚದರ ಮೀಟರ್ ಸೇರಿ, 4.2 ಸೆಕೆಂಡ್ ಇದ್ದದ್ದು 1.2ಕ್ಕೆ ಇಳಿಯುತ್ತದೆ. ಖಾಲಿ ಸಭಾಂಗಣದಲ್ಲೇ ರೆಕಾರ್ಡ್ ಮಾಡಬೇಕಾದರೆ ಈ ಸಹಾಯ ಇಲ್ಲ, ಬಾಯಿಯ ಹತ್ತಿರದ ಮೈಕ್ ಬಿಟ್ಟರೆ ದಾರಿಯೂ ಇಲ್ಲ.

ಇಬ್ಬರು ಮಾತಾಡ್ತಾರೆ, ಇಬ್ಬರಿಗೂ ಮೈಕ್ ಇದೆ. ಆದರೂ ಎಕೋ ಜಾಸ್ತಿ. ಯಾಕೆ?

ಒಬ್ಬರ ದನಿ ಇನ್ನೊಬ್ಬರ ಮೈಕಿಗೂ ತಡವಾಗಿ ಹೋಗುತ್ತಿದೆ, ಜೊತೆಗೆ ಎರಡು ಮೈಕ್‌ಗಳೂ ಕೋಣೆಯನ್ನು ಕೇಳುತ್ತಿವೆ. ಬಾಯಿಗೂ ಮೈಕಿಗೂ ಇರುವ ದೂರದ ಕನಿಷ್ಠ ಮೂರು ಪಟ್ಟು ಅಂತರ ಎರಡು ಮೈಕ್‌ಗಳ ನಡುವೆ ಇರಲಿ. ಬೇರೆ ಬೇರೆ ಟ್ರ್ಯಾಕ್‌ನಲ್ಲಿ ರೆಕಾರ್ಡ್ ಮಾಡಿ, ಎಡಿಟ್ ಮಾಡುವಾಗ ಮಾತಾಡದೆ ಇರುವವರ ಟ್ರ್ಯಾಕ್ ಇಳಿಸಿ. ಬೇಜಾರಿನ ಕೆಲಸ, ಆದರೆ ಫಲ ತಕ್ಷಣ ಕೇಳುತ್ತದೆ.

## ರೆಕಾರ್ಡ್ ಆಗಿಹೋದ ಮೇಲೆ

Audacityಯ Noise Reduction ಹಾಕಿದೆ. ಫ್ಯಾನ್ ಸದ್ದು ಹೋಯ್ತು, ಎಕೋ ಹಾಗೇ ಇದೆ. ತಪ್ಪೇನು?

ಸಾಧನವೇ ಬೇರೆ. Noise Reduction ಒಂದೇ ಸಮ ಇರುವ ಸದ್ದಿನ ಮಾದರಿ ತೆಗೆದುಕೊಂಡು ಅದನ್ನು ಕಳೆಯುತ್ತದೆ. ಫ್ಯಾನ್ ಹಾಗಿದೆ. ಮೊಳಗು ಹಾಗಿಲ್ಲ, ಅದು ನಿಮ್ಮದೇ ದನಿಯ ಸಾವಿರಾರು ನಕಲು. ಪದ ಬದಲಾದಂತೆ ಅದೂ ಬದಲಾಗುತ್ತದೆ, ಮಾದರಿ ತೆಗೆಯಲು ಎಲ್ಲೂ ನಿಲ್ಲುವುದಿಲ್ಲ. ಪದಗಳ ಬಾಲವನ್ನೇ ಮಾದರಿಯಾಗಿ ಕೊಟ್ಟು ಪ್ರಯತ್ನಿಸುವವರಿದ್ದಾರೆ. ಆಗ ಮಾತಿನ ಸ್ವರಗಳೇ ಕಳೆದು, ನೀರಿನೊಳಗೆ ಗುಳುಗುಳು ಅಂದ ಹಾಗೆ ಆಗುತ್ತದೆ.

Noise Gate ಹಾಕಿದರೆ ಪದಗಳ ಕೊನೆ ಕತ್ತರಿಸಿ ಹೋಗುತ್ತೆ. ಎಷ್ಟು ಇಡಬೇಕು?

ಗೇಟ್ ಮಾಡುವುದು ಒಂದೇ ಕೆಲಸ: ದನಿ ಒಂದು ಮಟ್ಟಕ್ಕಿಂತ ಕೆಳಗಿಳಿದಾಗ ಇನ್ನೂ ತಗ್ಗಿಸುವುದು. ಮಾತಿನ ನಡುವಿನ ಬಾಲ ಇದರಿಂದ ಚಿಕ್ಕದಾಗುತ್ತದೆ, ಪದದ ಒಳಗೇ ಬೆರೆತ ಮೊಳಗು ಹಾಗೇ ಉಳಿಯುತ್ತದೆ. ಪೂರ್ತಿ ಮೌನ ಮಾಡಲು ಹೋಗಬೇಡಿ, ಪದ ಒಂದರಲ್ಲಿ ಮೊಳಗು, ನಂತರ ಥಟ್ಟನೆ ಶೂನ್ಯ ಅಂದರೆ ಕಿವಿಗೆ ಇನ್ನೂ ಹಿಂಸೆ. ಇಲ್ಲಿಂದ ಶುರು ಮಾಡಿ:

```
Level reduction: -10 dB
Hold: 50 ms
Decay: 200 ms
```

Gate threshold ಮಾತ್ರ ನಿಮ್ಮ ರೆಕಾರ್ಡಿಂಗ್ ನೋಡಿ ಇಡಬೇಕು. ವಾಕ್ಯದ ಕೊನೆಯ ಅತಿ ಮೆಲ್ಲಗಿನ ಅಕ್ಷರ ಎಷ್ಟು ಡೆಸಿಬಲ್‌ನಲ್ಲಿದೆ ನೋಡಿ, ಅದಕ್ಕಿಂತ ಮೂರ್ನಾಲ್ಕು ಕೆಳಗೆ ಇಡಿ. ಕನ್ನಡದಲ್ಲಿ ಕ್ರಿಯಾಪದ ಬರುವುದು ವಾಕ್ಯದ ಕೊನೆಗೆ, ದನಿ ಇಳಿಯುವುದೂ ಅಲ್ಲೇ. ‘ಬಂದನು’, ‘ಬಂದಳು’ ಅನ್ನುವುದರ ಕೊನೆ ಕತ್ತರಿಸಿದರೆ ಯಾರು ಬಂದರು ಅನ್ನುವುದೇ ಹೋಯಿತು.

ಎಡಿಟ್ ಮುಗಿಸಿ Compressor ಹಾಕಿದೆ, ಎಕೋ ಡಬಲ್ ಆಯ್ತು!

ಆಗಲೇಬೇಕು. Compressor ಜೋರಾದ ಭಾಗವನ್ನು ತಗ್ಗಿಸಿ, ಆಮೇಲೆ ಎಲ್ಲವನ್ನೂ ಮೇಲೆತ್ತುತ್ತದೆ. ಪದ 10 ಡೆಸಿಬಲ್ ತಗ್ಗಿ ವಾಪಸ್ ಏರಿದರೆ, ತಗ್ಗದೇ ಇದ್ದ ಬಾಲ 10 ಡೆಸಿಬಲ್ ಸುಮ್ನೆ ಏರಿದ ಹಾಗಾಯಿತು. ಮೊಳಗಿನ ರೆಕಾರ್ಡಿಂಗ್‌ಗೆ ಇದನ್ನು ಆದಷ್ಟು ಕಡಿಮೆ ಬಳಸಿ, ಬಳಸಿದರೂ ಮೊಳಗು ತಗ್ಗಿಸಿದ ನಂತರವೇ. ಕೆಲವು ಮಾತು ಜೋರು, ಕೆಲವು ಮೆಲ್ಲಗೆ ಇದ್ದರೆ ಆಯಾ ವಾಕ್ಯಗಳ ಮಟ್ಟವನ್ನು ಕೈಯಿಂದಲೇ ಸರಿಮಾಡಿ.

Adobe Audition, iZotope RX ತರದವುಗಳಲ್ಲಿ DeReverb ಇದೆಯಲ್ಲ. ಅದನ್ನು ಎಷ್ಟು ಹಾಕಬಹುದು?

ಇವು ಪ್ರತಿ ಸ್ವರ ಎಷ್ಟು ನಿಧಾನವಾಗಿ ಇಳಿಯುತ್ತಿದೆ ಅಂತ ನೋಡಿ, ಬಾಲ ಅನ್ನಿಸಿದ ಭಾಗವನ್ನು ತಗ್ಗಿಸುತ್ತವೆ. ಮೊಳಗು ಹಗುರವಾಗಿದ್ದರೆ ಚೆನ್ನಾಗಿ ಕೆಲಸ ಮಾಡುತ್ತವೆ. ಹೆಡ್‌ಫೋನ್ ಹಾಕಿಕೊಂಡು ನಿಧಾನವಾಗಿ ಏರಿಸುತ್ತಾ ಹೋಗಿ. ದನಿ ತೆಳುವಾಗಿ, ಅಕ್ಷರಗಳ ಅಂಚಿನಲ್ಲಿ ಲೋಹದ ಚಿಲಿಪಿಲಿ ಶುರುವಾದ ಕ್ಷಣ ನಿಲ್ಲಿಸಿ, ಅಲ್ಲಿಂದ ಮೂರನೇ ಒಂದು ಭಾಗ ಹಿಂದಕ್ಕೆ ಬನ್ನಿ. ಒಂದೇ ಸಲ ಜಾಸ್ತಿ ಹಾಕುವುದಕ್ಕಿಂತ ಎರಡು ಸಲ ಸ್ವಲ್ಪ ಸ್ವಲ್ಪ ಹಾಕಿದರೆ ಗಾಯ ಕಡಿಮೆ. ಪೂರ್ತಿ ಹೋಗಬೇಕು ಅನ್ನುವ ಹಟ ಬಿಡಿ. ಸ್ವಲ್ಪ ಕೋಣೆ ಉಳಿದ ಮಾತನ್ನು ಜನ ಕೇಳುತ್ತಾರೆ, ಚಿಲಿಪಿಲಿ ಮಾತನ್ನು ಕೇಳುವುದಿಲ್ಲ.

ಸಭಾಂಗಣದ ಹಿಂದಿನ ಸಾಲಿನ ಆ ಫೋನ್ ರೆಕಾರ್ಡಿಂಗ್‌ಗೆ ಇದರಿಂದ ಏನೂ ಆಗದು. ಅಲ್ಲಿ ಉಳಿಸಬೇಕಾದ ನೇರ ದನಿಯೇ ಮುಳುಗಿ ಹೋಗಿದೆ. ಮುಖ್ಯವಾದ ಭಾಷಣವಾದರೆ ಅರ್ಥವಾದಷ್ಟನ್ನು ಬರೆದು ಅಡಿಬರಹ ಕೊಡಿ.

ಎರಡು ಮೈಕ್‌ನಲ್ಲಿ ಒಟ್ಟಿಗೆ ರೆಕಾರ್ಡ್ ಆಗಿದೆ, ಪೈಥಾನ್ ಸ್ವಲ್ಪ ಬರುತ್ತೆ. ಇನ್ನೂ ಒಳ್ಳೆ ದಾರಿ ಇದೆಯಾ?

ಇದೆ. WPE ಅನ್ನುವ ವಿಧಾನ ಹಿಂದಿನ ಶಬ್ದದಿಂದ ಈಗಿನ ಬಾಲ ಎಷ್ಟಿರಬಹುದು ಅಂತ ಊಹಿಸಿ, ಅಷ್ಟನ್ನೇ ಕಳೆಯುತ್ತದೆ. ಒಂದೇ ಮೈಕ್ ಇದ್ದರೂ ನಡೆಯುತ್ತದೆ, ಎರಡು ಅಥವಾ ಹೆಚ್ಚು ಇದ್ದರೆ ಊಹೆ ಬಹಳ ಗಟ್ಟಿಯಾಗುತ್ತದೆ. ದನಿಗೆ ಚಿಲಿಪಿಲಿ ಹತ್ತುವುದೂ ಕಡಿಮೆ. `nara_wpe` ಅನ್ನುವ ಉಚಿತ ಪ್ಯಾಕೇಜ್ ಇದೆ. `y` ಅಂದರೆ ಚಾನೆಲ್‌ಗಳು ಸಾಲಾಗಿ, ಮಾದರಿಗಳು ಅಡ್ಡಲಾಗಿ ಇರುವ ಅರೇ:

```
from nara_wpe.wpe import wpe
from nara_wpe.utils import stft, istft

Y = stft(y, size=512, shift=128).transpose(2, 0, 1)
Z = wpe(Y, taps=10, delay=3, iterations=5)
z = istft(Z.transpose(1, 2, 0), size=512, shift=128)
```

ಇಲ್ಲಿ ಕೈಯಾಡಿಸಬೇಕಾದದ್ದು ಎರಡೇ. `delay` ಅಂದರೆ ಎಷ್ಟು ಹೊತ್ತಿನ ಒಳಗಿನದ್ದನ್ನು ಮುಟ್ಟಬಾರದು. 16000 ಹರ್ಟ್ಸ್ ಕಡತದಲ್ಲಿ 3 ಅಂದರೆ 24 ಮಿಲಿಸೆಕೆಂಡ್. ಅದನ್ನು 1ಕ್ಕೆ ಇಳಿಸಿದರೆ ಮಾತೇ ಸವೆಯುತ್ತದೆ. `taps` ಎಷ್ಟು ಉದ್ದದ ಬಾಲದವರೆಗೆ ನೋಡಬೇಕು ಅನ್ನುವುದು, 10 ಅಂದರೆ 80 ಮಿಲಿಸೆಕೆಂಡ್. ಮೊಳಗು ಉದ್ದವಾಗಿದ್ದರೆ ಏರಿಸಿ, ಆದರೆ ಲೆಕ್ಕಕ್ಕೆ ಹೊತ್ತು ಹಿಡಿಯುತ್ತದೆ, ಕಡತವೂ ಉದ್ದ ಬೇಕು. ಕಡತ 48000 ಹರ್ಟ್ಸ್ ಇದ್ದರೆ ಮೊದಲು 16000ಕ್ಕೆ ಇಳಿಸಿ, ಇಲ್ಲವೇ `size`, `shift` ಎರಡನ್ನೂ ಮೂರು ಪಟ್ಟು ಮಾಡಿ. ಎರಡು ಮೈಕ್‌ಗಳೂ ಒಂದೇ ರೆಕಾರ್ಡರ್‌ಗೆ ಸೇರಿರಬೇಕು. ಬೇರೆ ಬೇರೆ ಫೋನ್‌ಗಳಲ್ಲಿ ಆದದ್ದನ್ನು ಆಮೇಲೆ ಜೋಡಿಸಿದರೆ ಎರಡರ ಗಡಿಯಾರ ನಿಧಾನವಾಗಿ ದೂರ ಸರಿಯುತ್ತದೆ, ಆಗ ಎರಡನೇ ಮೈಕಿನಿಂದ ಸಿಗುವ ಲಾಭ ಉಳಿಯುವುದಿಲ್ಲ. ಮಾತಾಡುವವರು ಓಡಾಡುತ್ತಿದ್ದರೂ ಅಷ್ಟೇ. ಅವರು ನಿಂತ ಜಾಗ ಬದಲಾದಲ್ಲೆಲ್ಲ ಕಡತವನ್ನು ತುಂಡು ಮಾಡಿ, ಒಂದೊಂದನ್ನೂ ಬೇರೆಯಾಗಿ ಓಡಿಸಿ.